ಹತ್ತು ಅಂಕಿ ಒತ್ತಿದರೆ ಬಾಕಿ ಎಲ್ಲಿಂದ ಬರುತ್ತದೆ?

ಜೂನ್ 5ರ ಬೆಳಗ್ಗೆ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಮೀಟರ್ ರೀಡರ್ ಬಂದಿದ್ದರು. ಮೀಟರ್ ನೋಡಿ, ಕೈಯಲ್ಲಿದ್ದ ಯಂತ್ರಕ್ಕೆ ಅಂಕಿ ಒತ್ತಿದರು. ಕಿರ್ರೆಂದು ಹೊರಬಂದ ಉದ್ದನೆಯ ಕಾಗದವನ್ನು ಹರಿದು ಚಿಕ್ಕಮ್ಮನ ಕೈಗಿಟ್ಟು ಪಕ್ಕದ ಮನೆಗೆ ಹೋದರು. ಬಿಲ್ 1,284 ರೂಪಾಯಿ, ಕಟ್ಟಲು ಕೊನೆಯ ದಿನ ಜೂನ್ 20. ಚಿಕ್ಕಮ್ಮ ಆಗಲೇ ಫೋನ್ ತೆಗೆದು, ಬೆಸ್ಕಾಂ ಆರಿಸಿ, ಬಿಲ್ ಮೇಲಿದ್ದ ಹತ್ತು ಅಂಕಿಯ ಖಾತೆ ಸಂಖ್ಯೆಯನ್ನು ಒತ್ತಿದರು. ಯಾವ ಬಿಲ್ಲೂ ಬಾಕಿ ಇಲ್ಲ ಎಂದಿತು ಆ್ಯಪ್.

“ಕಾಗದ ಕೈಯಲ್ಲೇ ಇದೆ ಕಣೋ, ಇದು ಇಲ್ಲ ಅನ್ನುತ್ತಲ್ಲ!” ಎಂದು ನನಗೆ ತೋರಿಸಿದರು. ಮರುದಿನ ಸಂಜೆ ಅದೇ ಸಂಖ್ಯೆ ಒತ್ತಿದಾಗ ಅದೇ 1,284 ರೂಪಾಯಿ ಬಂತು.

ಆ್ಯಪ್ ತಪ್ಪು ಹೇಳಿರಲಿಲ್ಲ. ನಮ್ಮ ಬಾಕಿ ಎಷ್ಟೆಂಬುದು ಆ್ಯಪ್‌ಗೆ ಗೊತ್ತೇ ಇರುವುದಿಲ್ಲ. ಸಂಖ್ಯೆ ಒತ್ತಿದ ಪ್ರತಿ ಸಲವೂ ಅದು ಬೇರೆಯವರನ್ನು ಕೇಳಿ ಬರುತ್ತದೆ, ಅವರು ಹೇಳಿದ್ದನ್ನು ನಮ್ಮ ಮುಂದೆ ಇಡುತ್ತದೆ. ಕೇಳುವ ಈ ಕೆಲಸ ನಡೆಯುವುದು ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆಯ ಮೂಲಕ. ಚಿಕ್ಕದಾಗಿ ಇದನ್ನು ಬಿಬಿಪಿಎಸ್ ಎನ್ನುತ್ತಾರೆ. ಇದಕ್ಕೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2016ರ ಆಗಸ್ಟ್ 31ರಂದು ಪ್ರಾಯೋಗಿಕವಾಗಿ ಶುರುವಾಯಿತು. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಅಂಗಸಂಸ್ಥೆಯೊಂದು 2021ರಿಂದ ಇದನ್ನು ನೋಡಿಕೊಳ್ಳುತ್ತಿದೆ. ಅದಕ್ಕೆ ಮುಂಚೆ ಪ್ರತಿ ಬ್ಯಾಂಕೂ ಪ್ರತಿ ಆ್ಯಪ್ಪೂ ಒಂದೊಂದು ವಿದ್ಯುತ್ ಕಂಪನಿಯ ಜೊತೆ ಬೇರೆ ಬೇರೆಯಾಗಿ ಮಾತಾಡಿ ಸಂಪರ್ಕ ಕಟ್ಟಿಕೊಳ್ಳಬೇಕಿತ್ತು. ಈಗ ಎಲ್ಲರೂ ನಡುವೆ ಇರುವ ಒಂದೇ ಕೇಂದ್ರಕ್ಕೆ ಸೇರಿಕೊಂಡಿದ್ದಾರೆ.

ಚಿಕ್ಕಮ್ಮ ಮೊದಲು ಒತ್ತಿದ್ದು ಖಾತೆ ಸಂಖ್ಯೆಯನ್ನಲ್ಲ, ಬೆಸ್ಕಾಂ ಹೆಸರನ್ನು. ಈ ಹೆಜ್ಜೆಯನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೆ ಕೇಳುವುದು ಯಾರನ್ನು ಎಂಬುದು ತೀರ್ಮಾನವಾಗುವುದು ಇಲ್ಲೇ. ಬಿಲ್ ಕೊಡುವ ಪ್ರತಿ ಸಂಸ್ಥೆಗೂ ಈ ವ್ಯವಸ್ಥೆಯಲ್ಲಿ ಒಂದು ಗುರುತಿನ ಸಂಕೇತವಿದೆ. ತನ್ನ ಗ್ರಾಹಕರಿಂದ ಏನು ಕೇಳಬೇಕು, ಅದು ಎಷ್ಟು ಅಂಕಿಯದು, ಅಕ್ಷರ ಇರಬಹುದೇ ಎಂಬುದನ್ನೂ ಆ ಸಂಸ್ಥೆ ಮೊದಲೇ ಬರೆಸಿರುತ್ತದೆ. ಬೆಸ್ಕಾಂ ಕೇಳುವುದು ಹತ್ತು ಅಂಕಿಯ ಖಾತೆ ಸಂಖ್ಯೆ. ಬೆಂಗಳೂರು ಜಲಮಂಡಳಿ ಕೇಳುವುದು ಆರ್.ಆರ್. ಸಂಖ್ಯೆ, ಅದರಲ್ಲಿ ಅಂಕಿಯ ಜೊತೆ ಇಂಗ್ಲಿಷ್ ಅಕ್ಷರವೂ ಇರುತ್ತದೆ. ಆರ್.ಆರ್. ಅಂದರೆ ರೆವೆನ್ಯೂ ರಿಜಿಸ್ಟರ್. ದಪ್ಪನೆಯ ಲೆಕ್ಕದ ಪುಸ್ತಕದಲ್ಲಿ ಮನೆಮನೆಯ ಸಂಪರ್ಕ ಬರೆದಿಡುತ್ತಿದ್ದ ಕಾಲದ ಹೆಸರು ಅದು.

ತೊಡಕು ಎಲ್ಲಿ ಬರುತ್ತದೆ ಎಂದರೆ, ಕರೆಂಟ್ ಬಿಲ್ಲಿನಲ್ಲಿ ಆರ್.ಆರ್. ಸಂಖ್ಯೆಯೂ ಇರುತ್ತದೆ, ಖಾತೆ ಸಂಖ್ಯೆಯೂ ಇರುತ್ತದೆ. ಹಳಬರಿಗೆ ಬಾಯಿಗೆ ಬರುವುದು ಆರ್.ಆರ್. ಸಂಖ್ಯೆಯೇ. ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಮುಂದುವರಿಯುವ ಗುಂಡಿಯೇ ಬೆಳಗದೆ ಉಳಿಯಬಹುದು. ಇಂಥ ತಪ್ಪನ್ನು ಮಾತ್ರ ಫೋನೇ ಹಿಡಿಯುತ್ತದೆ, ಏಕೆಂದರೆ ಸಂಖ್ಯೆಯ ಉದ್ದ ಮತ್ತು ರೂಪವನ್ನು ನೋಡಿದರೆ ಸಾಕು. ಹತ್ತು ಅಂಕಿ ಸರಿಯಾಗಿದ್ದರೆ ಅದು ಯಾರ ಮನೆಯದು, ಅಂಥದೊಂದು ಖಾತೆ ಇದೆಯೇ ಎಂಬುದು ಫೋನಿಗೆ ತಿಳಿಯುವುದಿಲ್ಲ.

ಇನ್ನೊಂದು ಗೊಂದಲ ಕರಾವಳಿ, ಮಲೆನಾಡಿನವರಿಗೆ ಗೊತ್ತಿರಬಹುದು. ಕೆಲವು ಆ್ಯಪ್‌ಗಳಲ್ಲಿ ಮೆಸ್ಕಾಂ ಹೆಸರು ಎರಡು ಸಲ ಕಾಣುತ್ತದೆ: ಒಂದರ ಮುಂದೆ RAPDRP ಎಂದೂ ಇನ್ನೊಂದರ ಮುಂದೆ NON RAPDRP ಎಂದೂ ಇರುತ್ತದೆ. ಅದು ಪಟ್ಟಣಗಳ ವಿದ್ಯುತ್ ವಿತರಣೆ ಸುಧಾರಿಸಲು ಕೇಂದ್ರ ಸರ್ಕಾರ ತಂದ ಯೋಜನೆಯ ಹೆಸರು. ಸಾಮಾನ್ಯವಾಗಿ 30,000ಕ್ಕಿಂತ ಹೆಚ್ಚು ಜನರಿರುವ ಊರುಗಳು ಅದರೊಳಗೆ ಬಂದವು, ಅಲ್ಲಿನ ಬಿಲ್ಲಿಂಗ್‌ಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂತು. ಉಳಿದ ಊರುಗಳ ಲೆಕ್ಕ ಬೇರೆ ವ್ಯವಸ್ಥೆಯಲ್ಲಿ ಉಳಿಯಿತು. ಕಂಪನಿ ಒಂದೇ, ಲೆಕ್ಕ ಇರುವ ಜಾಗ ಎರಡು. ಹಳ್ಳಿಯ ಮನೆಯ ಸಂಖ್ಯೆಯನ್ನು ಪಟ್ಟಣದ ಲೆಕ್ಕದಲ್ಲಿ ಹುಡುಕಿದರೆ ಅಂಥ ಗ್ರಾಹಕರೇ ಇಲ್ಲ ಎಂಬ ಉತ್ತರ ಬರುತ್ತದೆ. ಸಂಖ್ಯೆ ಮೂರು ಸಲ ತಾಳೆ ನೋಡಿದರೂ ಹೀಗೇ ಬರುತ್ತಿದ್ದರೆ ಪಟ್ಟಿಯಲ್ಲಿರುವ ಇನ್ನೊಂದು ಹೆಸರನ್ನು ಆರಿಸಿ ನೋಡಬೇಕು.

ಸಂಖ್ಯೆ ಒತ್ತಿದ ಮೇಲೆ ಆ್ಯಪ್ ಒಂದು ಸಣ್ಣ ಕೋರಿಕೆಯನ್ನು ಸಿದ್ಧಪಡಿಸುತ್ತದೆ. ಯಾವ ಸಂಸ್ಥೆ, ಯಾವ ಗ್ರಾಹಕ ಸಂಖ್ಯೆ ಎಂಬುದರ ಜೊತೆಗೆ ಈ ವಿಚಾರಣೆಗೆಂದೇ ಹುಟ್ಟಿದ ಒಂದು ಉಲ್ಲೇಖ ಸಂಖ್ಯೆಯೂ ಅದರಲ್ಲಿರುತ್ತದೆ. ಕೋರಿಕೆ ಮೊದಲು ಗ್ರಾಹಕರ ಕಡೆಯ ಸಂಸ್ಥೆಗೆ ಹೋಗುತ್ತದೆ. ಅದು ಬ್ಯಾಂಕ್ ಆಗಿರಬಹುದು, ಅನುಮತಿ ಪಡೆದ ಪಾವತಿ ಕಂಪನಿಯಾಗಿರಬಹುದು. ಅಲ್ಲಿಂದ ನಡುವಿನ ಕೇಂದ್ರಕ್ಕೆ, ಕೇಂದ್ರದಿಂದ ಬಿಲ್ ಕೊಡುವವರ ಕಡೆಯ ಸಂಸ್ಥೆಗೆ, ಕೊನೆಗೆ ಬೆಸ್ಕಾಂನ ಕಂಪ್ಯೂಟರಿಗೆ. ಉತ್ತರ ಇದೇ ದಾರಿಯಲ್ಲಿ ತಿರುಗಿ ಬರುತ್ತದೆ. ಪರದೆಯ ಮೇಲೆ ಒಂದು ಚಕ್ರ ತಿರುಗುವಷ್ಟು ಹೊತ್ತಿನಲ್ಲಿ ನಾಲ್ಕು ಬಾಗಿಲು ದಾಟಿ ಹೋಗಿ, ಅದೇ ನಾಲ್ಕು ಬಾಗಿಲು ದಾಟಿ ಬರಬೇಕು. ಒಂದು ಕಡೆ ತಡವಾದರೂ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ ಎಂಬ ಸಾಲು ಕಾಣುತ್ತದೆ. ಬಾಕಿ ಇಲ್ಲ ಎನ್ನುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸವಿದೆ. ಮೊದಲನೆಯದು ಕಂಪನಿಯೇ ಕೊಟ್ಟ ಉತ್ತರ, ಎರಡನೆಯದರಲ್ಲಿ ಉತ್ತರವೇ ಬಂದಿಲ್ಲ.

ಬಂದ ಉತ್ತರದ ತಿರುಳು ಸುಮಾರಾಗಿ ಹೀಗಿರುತ್ತದೆ:

```
<BillerResponse customerName="NANJAPPA"
  amount="128400" dueDate="2025-06-20"
  billDate="2025-06-05" billNumber="12345"
  billPeriod="MONTHLY"/>
```

ಇಲ್ಲಿ amount ಎದುರಿಗಿರುವುದು ಒಂದು ಲಕ್ಷದ ಇಪ್ಪತ್ತೆಂಟು ಸಾವಿರ ರೂಪಾಯಿಯಲ್ಲ, ಪೈಸೆ. ನೂರರಿಂದ ಭಾಗಿಸಿ ಆ್ಯಪ್ ನಮಗೆ 1,284 ಎಂದು ತೋರಿಸುತ್ತದೆ. ಕಳೆದ ತಿಂಗಳ ಯೂನಿಟ್ ಎಷ್ಟು, ದರ ಎಷ್ಟು, ತೆರಿಗೆ ಎಷ್ಟು ಎಂಬುದು ಈ ತಿರುಳಿನಲ್ಲಿಲ್ಲ ನೋಡಿ. ಆ್ಯಪ್ ಏನನ್ನೂ ಲೆಕ್ಕ ಹಾಕಿರುವುದಿಲ್ಲ. ಮೊತ್ತ ಜಾಸ್ತಿ ಬಂದಿದೆ ಎಂದು ಅನ್ನಿಸಿದರೆ ಜಗಳವಾಡಬೇಕಾದದ್ದು ಮೀಟರಿನ ಅಂಕಿಯ ಜೊತೆ, ವಿದ್ಯುತ್ ಕಚೇರಿಯಲ್ಲಿ.

ಈಗ ಜೂನ್ 5ಕ್ಕೆ ಹಿಂತಿರುಗೋಣ. ಮೀಟರ್ ರೀಡರ್ ಕೈಯ ಯಂತ್ರ ಕಾಗದವನ್ನು ಮುದ್ರಿಸಿದ ಮಾತ್ರಕ್ಕೆ ಆ ಬಿಲ್ ಕಂಪನಿಯ ಲೆಕ್ಕಕ್ಕೆ ಸೇರಿತು ಎಂದಲ್ಲ. ಕೆಲವು ಯಂತ್ರಗಳು ಮೊಬೈಲ್ ಜಾಲದ ಮೂಲಕ ಆಗಲೇ ಕಳಿಸುತ್ತವೆ. ಇನ್ನು ಕೆಲವನ್ನು ದಿನದ ಕೆಲಸ ಮುಗಿದ ಮೇಲೆ ಕಚೇರಿಗೆ ಕೊಂಡೊಯ್ದು ಕಂಪ್ಯೂಟರಿಗೆ ಜೋಡಿಸಬೇಕು. ಅದಾದ ಮೇಲೂ ಒಂದು ತಡೆ ಇರಬಹುದು. ತನ್ನ ಕಂಪ್ಯೂಟರನ್ನು ನೇರವಾಗಿ ಜೋಡಿಸದ ಸಂಸ್ಥೆಗಳೂ ಈ ವ್ಯವಸ್ಥೆಯಲ್ಲಿವೆ. ಅವು ಬಾಕಿಯ ಪಟ್ಟಿಯೊಂದನ್ನು ಆಗಾಗ ತಮ್ಮ ಕಡೆಯ ಸಂಸ್ಥೆಗೆ ಕೊಟ್ಟಿಡುತ್ತವೆ, ನಮ್ಮ ಕೋರಿಕೆಗೆ ಉತ್ತರ ಸಿಗುವುದು ಆ ಪಟ್ಟಿಯಿಂದ. ಪಟ್ಟಿ ನಿನ್ನೆಯದಾದರೆ ಉತ್ತರವೂ ನಿನ್ನೆಯದೇ. ಊರಿನ ನೀರಿನ ಬಿಲ್ಲನ್ನು ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆದ ಮೇಲೂ ಆ್ಯಪ್ ಅದೇ ಬಾಕಿಯನ್ನು ತೋರಿಸಿದರೆ ಕಾರಣ ಬಹುತೇಕ ಇದೇ. ಗಾಬರಿಯಾಗಿ ಇನ್ನೊಮ್ಮೆ ಕಟ್ಟುವವರನ್ನು ನಾನು ನೋಡಿದ್ದೇನೆ. ಆ ಹಣ ಕಳೆದುಹೋಗುವುದಿಲ್ಲ, ಖಾತೆಯಲ್ಲಿ ಮುಂಗಡವಾಗಿ ಕೂರುತ್ತದೆ, ಆದರೆ ತಿಂಗಳ ಕೊನೆಯಲ್ಲಿ ಅದು ಕೈಯಲ್ಲಿ ಇರಬೇಕಾದ ಹಣ.

ಆ್ಯಪ್‌ನ ಮೊದಲ ಪುಟದಲ್ಲೇ ಬಿಲ್ ಬಂದಿದೆ ಎಂದು ಕಾಣುವ ಚೀಟಿಯ ಬಗ್ಗೆಯೂ ಎಚ್ಚರ ಬೇಕು. ಹಿಂದಿನ ತಿಂಗಳು ಒತ್ತಿದ ಸಂಖ್ಯೆಯನ್ನು ನೆನಪಿಟ್ಟುಕೊಂಡು ಆ್ಯಪ್ ತಾನೇ ಮೊದಲೇ ಕೇಳಿ ತಂದಿಟ್ಟ ಮೊತ್ತ ಅದು. ಕಟ್ಟುವ ಮುನ್ನ ಅದನ್ನು ತೆರೆದು ಹೊಸದಾಗಿ ತರಿಸಿಕೊಳ್ಳುವುದು ಒಳ್ಳೆಯದು, ಕೊನೆಯ ದಿನ ದಾಟಿದ್ದರಂತೂ ಖಂಡಿತ. ಬಾಕಿ ಇಲ್ಲ ಎಂದು ಬಂದಾಗ ಗೃಹಜ್ಯೋತಿಯನ್ನೂ ನೆನೆಯಬೇಕು. 2023ರಲ್ಲಿ ಆ ಯೋಜನೆ ಬಂದ ಮೇಲೆ ಮಿತಿಯೊಳಗೆ ಬಳಸಿದ ಮನೆಗಳ ಬಿಲ್ ಶೂನ್ಯ, ಕಟ್ಟುವುದಕ್ಕೇ ಏನೂ ಇರುವುದಿಲ್ಲ.

ಮೊತ್ತ ಬಂದ ಮೇಲೆ ಅದನ್ನು ತಿದ್ದಬಹುದೇ? ಅದನ್ನೂ ಬಿಲ್ ಕೊಡುವ ಸಂಸ್ಥೆಯೇ ತೀರ್ಮಾನಿಸಿ ಹೇಳಿರುತ್ತದೆ. ಬಂದ ಮೊತ್ತವನ್ನೇ ಕಟ್ಟಬೇಕು, ಹೆಚ್ಚು ಕಟ್ಟಬಹುದು, ಕಡಿಮೆ ಕಟ್ಟಬಹುದು, ಎಷ್ಟಾದರೂ ಕಟ್ಟಬಹುದು ಎಂಬವುಗಳಲ್ಲಿ ಒಂದನ್ನು ಆರಿಸಿರುತ್ತದೆ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದರೆ ಈ ನಿಯಮ ಬದಲಾಗುವುದಿಲ್ಲ. ಹಣ ಕಟ್ಟುವಾಗ ಮೊದಲಿನ ವಿಚಾರಣೆಯ ಉಲ್ಲೇಖ ಸಂಖ್ಯೆಯೇ ಮತ್ತೆ ಹೋಗುತ್ತದೆ, ಹಾಗಾಗಿ ಯಾವ ಬಿಲ್ಲಿಗೆ ಯಾವ ಹಣ ಎಂಬುದು ನಡುವಿನ ಕೇಂದ್ರಕ್ಕೆ ತಿಳಿಯುತ್ತದೆ. ಹಣ ಹೋಗಿಯೂ ಬಾಕಿ ಉಳಿದರೆ ದೂರು ಕೊಡಲು ಬೇಕಾಗುವುದು ರಸೀದಿಯಲ್ಲಿ B-Connect ಎಂಬ ಹೆಸರಿನ ಜೊತೆಗಿರುವ ವಹಿವಾಟು ಸಂಖ್ಯೆ. ಬ್ಯಾಂಕಿನ ಎಸ್‌ಎಂಎಸ್‌ನಲ್ಲಿರುವ ಸಂಖ್ಯೆ ನಮ್ಮ ಖಾತೆಯಿಂದ ಹಣ ಹೋದದ್ದನ್ನಷ್ಟೇ ಹೇಳುತ್ತದೆ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಬೇರೆ ವಿಷಯ. ಗ್ರಾಹಕ ಸಂಖ್ಯೆಗೆ ಗುಟ್ಟಿನ ಸಂಖ್ಯೆಯೇನೂ ಜೊತೆಗಿಲ್ಲ. ಅದು ಮನೆಯ ವಿಳಾಸ ಇದ್ದ ಹಾಗೆ, ಯಾರು ಬೇಕಾದರೂ ಒತ್ತಿ ನೋಡಬಹುದು. ಊರಲ್ಲಿರುವ ತಾಯಿಯ ಬಿಲ್ಲನ್ನು ದೂರದೂರಿನ ಮಗ ಕಟ್ಟಲು ಆಗುವುದು ಇದರಿಂದಲೇ. ಆದರೆ ಕೊನೆಯ 47 ಎಂಬ ಅಂಕಿ 74 ಆದರೆ, ಆ ಸಂಖ್ಯೆಯೂ ಇನ್ನಾರದೋ ಮನೆಯದಾಗಿದ್ದರೆ, ವ್ಯವಸ್ಥೆಯ ಪ್ರಕಾರ ಎಲ್ಲವೂ ಸರಿಯೇ. ಉತ್ತರ ಬರುತ್ತದೆ, ಹಣ ಹೋಗುತ್ತದೆ, ರಸೀದಿ ಸಿಗುತ್ತದೆ. ಕಂಪನಿಯ ಕಣ್ಣಿಗೆ ಅದು ವಿಫಲವಾದ ಪಾವತಿಯಲ್ಲ, ಆ ಇನ್ನೊಬ್ಬರ ಬಿಲ್ ಕಟ್ಟಿದ ಪಾವತಿ. ಹಾಗಾಗಿ ಅದು ತಾನಾಗಿ ವಾಪಸ್ ಬರುವುದಿಲ್ಲ. ಇದನ್ನು ತಡೆಯಲು ನಮಗಿರುವುದು ಪರದೆಯ ಮೇಲೆ ಮೂಡುವ ಹೆಸರೊಂದೇ. ಕೆಲವು ಕಡೆ ಆ ಹೆಸರಿನ ಅಕ್ಷರಗಳನ್ನೂ ಚುಕ್ಕಿ ಹಾಕಿ ಮುಚ್ಚಿರುತ್ತಾರೆ, ಆದರೂ ಮೊದಲಕ್ಷರ ಸಾಕಾಗುತ್ತದೆ.

ಚಿಕ್ಕಮ್ಮನ ಫೋನಿನಲ್ಲಿ ಮೂಡುವುದು ಅವರ ಹೆಸರಲ್ಲ. ಮನೆ ಕಟ್ಟಿಸಿ ಸಂಪರ್ಕ ಹಾಕಿಸಿಕೊಂಡವರು ಅವರ ಮಾವ ನಂಜಪ್ಪನವರು. ಅವರು ತೀರಿಕೊಂಡು ವರ್ಷಗಳಾದವು, ಮನೆಯ ಖಾತೆ ಬದಲಾಯಿತು, ಮೀಟರಿನ ಹೆಸರು ಮಾತ್ರ ಹಾಗೇ ಉಳಿಯಿತು. ಕಂಪನಿಯ ಲೆಕ್ಕದಲ್ಲಿ ಇರುವ ಹೆಸರೇ ತಾನೇ ಬರಬೇಕು. ಜೂನ್ 6ರ ಸಂಜೆ 1,284ರ ಮೇಲೆ ಇಂಗ್ಲಿಷಿನಲ್ಲಿ NANJAPPA ಎಂದು ಬಂದಾಗ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಕ್ಷರ ಓದಿದರು. “ಮಾವನೋರ ಹೆಸರೇ ಬಂತು. ನಮ್ಮನೇದೇ ಇದು” ಎಂದು ಹೇಳಿ, ಹಣ ಕಟ್ಟುವ ಗುಂಡಿ ಒತ್ತಿದರು.