ಪರದೆ ಮೇಲೆ ಮೂರು ಫೋಟೊ

ನನ್ನ ಬಾಲ್ಯದ ಗೆಳೆಯ ಎಪ್ಪತ್ತೆರಡನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದ. ಮೊದಲ ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಜಯನಗರದ ಒಂದು ಚಿಕ್ಕ ಛತ್ರದಲ್ಲಿ ಆರತಕ್ಷತೆ. “ತಾತ, ಟೋಸ್ಟ್ ನೀವೇ ಹೇಳಬೇಕು” ಎಂದಳು ಅವನ ಮೊಮ್ಮಗಳು. ಮಕ್ಕಳೇ, ಇದು ಬೆಣ್ಣೆ ಸವರುವ ಟೋಸ್ಟ್ ಅಲ್ಲ. ಲೋಟ ಎತ್ತಿ ಹಿಡಿದು ವಧೂವರರಿಗೆ ಹಾರೈಸುವ ನಾಲ್ಕು ಮಾತು. ನಮ್ಮ ಲೋಟದಲ್ಲಿದ್ದದ್ದು ಬಾದಾಮಿ ಹಾಲು.

ಮೂರು ಹಳೆಯ ಫೋಟೊ, ಒಂದೊಂದಕ್ಕೆ ಒಂದು ನಿಮಿಷ ಎಂದುಕೊಂಡೆ. ಊಟಕ್ಕೆ ಕರೆದ ಮೇಲೆ ಯಾರೂ ಭಾಷಣ ಕೇಳುವುದಿಲ್ಲ.

ಫೋಟೊಗಳು ಆಲ್ಬಮ್ಮಿನ ಕಪ್ಪು ಹಾಳೆಗೆ ಅಂಟಿಕೊಂಡಿದ್ದವು. ಕಿತ್ತರೆ ಹರಿಯುತ್ತವೆ. ಆಲ್ಬಮ್ಮನ್ನೇ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟು, ಮೊಮ್ಮಗ ಫ್ಲ್ಯಾಶ್ ಆರಿಸಿ, ಮೊಬೈಲನ್ನು ನೇರ ಮೇಲಿಂದ ಹಿಡಿದು ತೆಗೆದ. ಫ್ಲ್ಯಾಶ್ ಹಾಕಿದ್ದರೆ ಹೊಳಪಿನ ಕಾಗದದ ಮೇಲೆ ಬಿಳಿ ಮಚ್ಚೆ ಬೀಳುತ್ತಿತ್ತು.

ಮೊದಲನೆಯದು ಶಾಲೆಯ ಗುಂಪು ಚಿತ್ರ. ನಲವತ್ತು ಹುಡುಗರು, ಮುಖಗಳೆಲ್ಲ ಮೆಣಸಿನ ಕಾಳಿನಷ್ಟು. ಹಾಗೇ ತೋರಿಸಿದರೆ ಜನ ಗೆಳೆಯನನ್ನು ಹುಡುಕುತ್ತಾ ಕೂರುತ್ತಾರೆ, ನನ್ನ ಮಾತು ಗಾಳಿಗೆ. ಅವನ ಸಾಲಿನ ಐದು ಜನರನ್ನಷ್ಟೇ ಉಳಿಸಿ ದೊಡ್ಡದು ಮಾಡಿದೆವು. ಎರಡನೆಯದು ಲಾಲ್‌ಬಾಗಿನ ಬಂಡೆಯ ಮೇಲೆ ನಾವಿಬ್ಬರೂ ಕಾಲೇಜಿನ ದಿನಗಳಲ್ಲಿ ನಿಂತದ್ದು. ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು, ಅದು ಹಾಗೇ ಇದೆ. ಬೋಳಾದದ್ದು ನಮ್ಮ ತಲೆಗಳು.

ಕಷ್ಟವಾದದ್ದು ಮೂರನೆಯದು. ಗೆಳೆಯ ಸ್ಕೂಟರಿನ ಮೇಲೆ, ಮಗಳು ಮುಂದೆ ನಿಂತಿದ್ದಾಳೆ, ಹಿಂದೆ ಮೊದಲ ಹೆಂಡತಿ. ಬೆರಳಾಡಿಸಿದರೆ ಸಾಕು, ಮೊಬೈಲಿನಲ್ಲಿ ಆಕೆಯನ್ನು ಕತ್ತರಿಸಿ ತೆಗೆಯಬಹುದು. ನನಗೆ ಮನಸ್ಸಾಗಲಿಲ್ಲ. ಮದುವೆಗೆ ವಾರ ಮುಂಚೆ ಬನಶಂಕರಿಗೆ ಹೋಗಿ, ಮದುಮಗಳಾಗಲಿದ್ದ ಆ ತಾಯಿಗೇ ತೋರಿಸಿದೆ. ತುಂಬ ಹೊತ್ತು ನೋಡಿದರು. “ಅವರನ್ನ ಬಿಟ್ಟು ಇವರ ಕತೆ ಹೇಗೆ ಹೇಳ್ತೀರಿ? ಹಾಕಿ. ಕೊನೇದಾಗಿ ಮಾತ್ರ ಬೇಡ.”

ಅವರ ಮಾತು ಸರಿ. ಕೊನೆಯ ಚಿತ್ರ ಊಟ ಮುಗಿಯುವವರೆಗೂ ಪರದೆಯ ಮೇಲೆ ನಿಂತುಬಿಡುತ್ತದೆ. ಇಸವಿಯ ಕ್ರಮ ಬಿಟ್ಟು ಸ್ಕೂಟರನ್ನು ನಡುವೆ ತಂದೆ, ಲಾಲ್‌ಬಾಗನ್ನು ಕೊನೆಗೆ ಇಟ್ಟೆ.

ಛತ್ರದಲ್ಲಿ ಪರದೆ ಇದ್ದದ್ದು ವಧೂವರರ ಬೆನ್ನ ಹಿಂದೆ! ಕುರ್ಚಿಗಳನ್ನು ಓರೆಯಾಗಿ ತಿರುಗಿಸಿದೆವು. ಲ್ಯಾಪ್‌ಟಾಪಿನಲ್ಲಿ ಐದು ಸೆಕೆಂಡಿಗೊಮ್ಮೆ ಚಿತ್ರ ತಾನೇ ಬದಲಾಗುತ್ತಿತ್ತು. ಅದನ್ನು ನಿಲ್ಲಿಸಿ, ನಾನು ಕೈ ಎತ್ತಿದಾಗಲಷ್ಟೇ ಬದಲಿಸಪ್ಪಾ ಎಂದು ಹುಡುಗನಿಗೆ ಹೇಳಿದೆ.

ಸ್ಕೂಟರ್ ಬಂದಾಗ ಸಭೆ ಸದ್ದಡಗಿತು. ಮುಂದಿನ ಸಾಲಿನಲ್ಲಿ ಗೆಳೆಯನ ಮಗಳು ಬಿಗಿಯಾಗಿ ಕೂತಿದ್ದಳು. “ಈ ತಾಯಿ ಕಟ್ಟಿದ ಮನೆಗೆ ಇವತ್ತು ಇನ್ನೊಬ್ಬ ತಾಯಿ ದೀಪ ಹಚ್ಚೋಕೆ ಬರ್ತಿದ್ದಾರೆ” ಎಂದಷ್ಟೇ ಹೇಳಿ ಸುಮ್ಮನಾದೆ. ಮಗಳು ಎದ್ದು ಹೋಗಿ ಮದುಮಗಳ ಪಕ್ಕ ನಿಂತಳು. ಆಮೇಲೆ ಕೈ ಎತ್ತಿದೆ.

ಲಾಲ್‌ಬಾಗ್ ಬಂತು. “ಇದರಲ್ಲಿ ಇವನು ಹಾಕಿರೋ ಶರ್ಟು ನನ್ನದು” ಎಂದೆ. ಮದುಮಗಳು ಮೈಕ್ ಇಸಕೊಂಡರು.

“ವಾಪಸ್ ಕೊಟ್ರಾ?”

“ಇನ್ನೂ ಇಲ್ಲಮ್ಮ!”