ಮಿಲಿಮೀಟರ್ ಮೋಹ, ಗಂಟೆಗಳ ಗಾರುಡಿ

ಸಾವಿರದ ಐನೂರು ರೂಪಾಯಿಯ ಇಯರ್‌ಬಡ್ ಡಬ್ಬಿಯ ಮೇಲೆ ‘13 ಎಂಎಂ ಡ್ರೈವರ್’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ. ಅದೇ ಕಪಾಟಿನಲ್ಲಿರುವ ಸೋನಿಯ 1000ಎಕ್ಸ್ ಸರಣಿಯ ಐದನೇ ಇಯರ್‌ಬಡ್‌ಗೆ ಅದಕ್ಕಿಂತ ಹತ್ತಾರು ಪಟ್ಟು ಬೆಲೆ. ಅದರ ಡ್ರೈವರ್ ಮಾತ್ರ 8.4 ಎಂಎಂ. ಅಳತೆ ದೊಡ್ಡದಾದಷ್ಟೂ ಸದ್ದು ಚೆನ್ನ ಎನ್ನುವುದಾದರೆ ಬೆಲೆಪಟ್ಟಿ ತಲೆಕೆಳಗಾಗಿ ನಿಂತಿರಬೇಕಿತ್ತು.

ಡ್ರೈವರ್ ಎಂದರೆ ಪುಟ್ಟ ಸ್ಪೀಕರ್. ತೆಳುವಾದ ಪೊರೆಗೆ ತಂತಿಯ ಸುರುಳಿಯೊಂದನ್ನು ಅಂಟಿಸಿ, ಅದನ್ನು ಆಯಸ್ಕಾಂತದ ನಡುವೆ ಇಟ್ಟಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಹರಿದಂತೆ ಪೊರೆ ಹಿಂದೆ ಮುಂದೆ ಅಲುಗಿ ಗಾಳಿಯನ್ನು ತಳ್ಳುತ್ತದೆ. ಇದು ‘ಡೈನಮಿಕ್’ ಡ್ರೈವರ್. ಅಂಗಡಿಯಲ್ಲಿ ಸಿಗುವ ಬಹುಪಾಲು ಇಯರ್‌ಬಡ್‌, ಹೆಡ್‌ಫೋನ್‌ಗಳಲ್ಲಿ ಇರುವುದು ಇದೇ. ಬಡ್‌ನಲ್ಲಿ ಇದರ ಅಗಲ ಸಾಮಾನ್ಯವಾಗಿ 6ರಿಂದ 13 ಎಂಎಂ, ಹೆಡ್‌ಫೋನ್‌ನಲ್ಲಿ 30ರಿಂದ 50 ಎಂಎಂ.

ದೊಡ್ಡ ಪೊರೆ ಹೆಚ್ಚು ಗಾಳಿ ತಳ್ಳುತ್ತದೆ, ಆದ್ದರಿಂದ ಬೇಸ್ ಜಾಸ್ತಿ ಎಂಬ ವಾದ ಕೋಣೆಯಲ್ಲಿಡುವ ಸ್ಪೀಕರಿಗೆ ಸರಿ. ಕಿವಿಯ ಕಥೆ ಬೇರೆ. ರಬ್ಬರ್ ತುದಿ ಕಿವಿಯ ನಾಳವನ್ನು ಬಿಗಿಯಾಗಿ ಮುಚ್ಚಿದರೆ ಒಳಗೆ ಉಳಿಯುವುದು ಎರಡು ಮಿಲಿಲೀಟರಿಗಿಂತ ಹೆಚ್ಚಿಲ್ಲದ ಗಾಳಿ. ಅಷ್ಟನ್ನು ಒತ್ತಲು 6 ಎಂಎಂ ಪೊರೆ ಧಾರಾಳವಾಗಿ ಸಾಕು. ಎಲ್ಲೋ ಸಣ್ಣ ಸಂದಿ ಉಳಿದರೆ ಆ ಒತ್ತಡ ಸೋರಿಹೋಗುತ್ತದೆ. ಮೊದಲು ಮಾಯವಾಗುವುದು ಬೇಸ್, ಅಂದರೆ ತಬಲಾದ ಎಡಗೈ ನಾದ, ಮೃದಂಗದ ತೊಪ್ಪಿಯ ಗುಮಕಿ. ರಬ್ಬರ್ ತುದಿಯೇ ಇಲ್ಲದೆ ಕಿವಿಯ ಬಾಯಲ್ಲಿ ತೂಗುವ ಬಡ್‌ಗಳಿಗೆ 12–13 ಎಂಎಂ ಡ್ರೈವರ್ ಹಾಕುವುದಕ್ಕೆ ಇದೂ ಒಂದು ಕಾರಣ. ಸೋರಿಕೆಯನ್ನು ಒಂದಿಷ್ಟು ತುಂಬಿಕೊಡುವ ಉಪಾಯ ಅದು. ಡಬ್ಬಿಯ ಮೇಲೆ ಮಾತ್ರ ಅದೇ ಹೆಚ್ಚುಗಾರಿಕೆಯಾಗಿ ಮೆರೆಯುತ್ತದೆ.

ಸೋನಿಯದೇ ಎರಡು ಸಾಲನ್ನು ಪಕ್ಕಪಕ್ಕ ಇಟ್ಟರೆ ಇದು ಇನ್ನಷ್ಟು ಸ್ಪಷ್ಟ. ಅದರ ದೊಡ್ಡ ಹೆಡ್‌ಫೋನ್‌ನ ನಾಲ್ಕನೇ ಮಾದರಿ 2020ರಲ್ಲಿ 40 ಎಂಎಂ ಡ್ರೈವರ್‌ನೊಂದಿಗೆ ಬಂತು. 2022ರ ಐದನೇ ಮಾದರಿಯಲ್ಲಿ ಡ್ರೈವರ್ 30 ಎಂಎಂಗೆ ಇಳಿಯಿತು, ಬೆಲೆ ಏರಿತು. ಅದೇ ಕಂಪನಿಯ ಇಯರ್‌ಬಡ್‌ನಲ್ಲಿ ನಾಲ್ಕರಿಂದ ಐದಕ್ಕೆ ಬರುವಾಗ 6 ಎಂಎಂ ಇದ್ದದ್ದು 8.4ಕ್ಕೆ ಹೋಯಿತು. ಒಂದು ಕಡೆ ಕುಗ್ಗಿಸಿ, ಇನ್ನೊಂದು ಕಡೆ ಹಿಗ್ಗಿಸಿದವರು ಒಂದೇ ಮನೆಯವರು. ಪೊರೆಯ ಬಿಗಿ, ಹಿಂಬದಿಯ ಗಾಳಿಯ ಜಾಗ, ಚಿಪ್‌ನಲ್ಲಿ ಸದ್ದನ್ನು ತಿದ್ದುವ ಬಗೆ ಇವೆಲ್ಲ ಸೇರಿ ಕಿವಿಗೆ ಬೀಳುವುದನ್ನು ನಿರ್ಧರಿಸುತ್ತವೆ. ವ್ಯಾಸ ಅವುಗಳಲ್ಲಿ ಒಂದು ಅಷ್ಟೆ.

ಡೈನಮಿಕ್ ಅಲ್ಲದ ಎರಡು ಜಾತಿಗಳ ಪರಿಚಯ ಇದ್ದರೆ ಸಾಕು. ‘ಬ್ಯಾಲೆನ್ಸ್ಡ್ ಆರ್ಮೇಚರ್’ ಶ್ರವಣಸಾಧನದಿಂದ ಬಂದ ತಂತ್ರ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಪೆಟ್ಟಿಗೆ, ಮಾತು ಮತ್ತು ಮೇಲಿನ ಸ್ವರಗಳಲ್ಲಿ ಸ್ಪಷ್ಟ. ಬೇಸ್‌ನಲ್ಲಿ ಒಂಟಿಯಾಗಿ ಸ್ವಲ್ಪ ಬಡವ. ಹಾಗಾಗಿ ಜೊತೆಗೆ ಒಂದು ಡೈನಮಿಕ್ ಡ್ರೈವರ್ ಸೇರಿಸಿ ‘ಹೈಬ್ರಿಡ್’ ಎಂದು ಮಾರುತ್ತಾರೆ. ಇನ್ನೊಂದು ‘ಪ್ಲೇನಾರ್’: ತಂತಿಯನ್ನು ಪೊರೆಯ ಉದ್ದಗಲಕ್ಕೂ ಹರಡಿ, ಅದಕ್ಕೆ ಎದುರಾಗಿ ಆಯಸ್ಕಾಂತಗಳ ಸಾಲು ಇಟ್ಟಿರುತ್ತಾರೆ. ಪೊರೆ ಒಂದೇ ಸಮನೆ ಅಲುಗುವುದರಿಂದ ವಿಕೃತಿ ಕಡಿಮೆ, ಆಯಸ್ಕಾಂತಗಳಿಂದಾಗಿ ತೂಕ ಹೆಚ್ಚು. ಆಡಿಜ಼್ ಕಂಪನಿಯ ಮ್ಯಾಕ್ಸ್‌ವೆಲ್ ಹೆಡ್‌ಫೋನ್‌ನಲ್ಲಿ 90 ಎಂಎಂ ಪ್ಲೇನಾರ್ ಡ್ರೈವರ್ ಇದೆ, ಒಮ್ಮೆ ಚಾರ್ಜ್ ಮಾಡಿದರೆ 80 ಗಂಟೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ. ತೂಕ 490 ಗ್ರಾಂ. ಸೋನಿಯ ಐದನೇ ಹೆಡ್‌ಫೋನ್ ತೂಗುವುದು ಇದರ ಅರ್ಧದಷ್ಟು.

ಇನ್ನು ಬ್ಯಾಟರಿ. ಇಲ್ಲಿ ಜಾಹೀರಾತು ಸುಳ್ಳು ಹೇಳುವುದಿಲ್ಲ, ಕೂಡಿಸಿ ಹೇಳುತ್ತದೆ. ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ ಎರಡನೇ ಪೀಳಿಗೆಗೆ ‘30 ಗಂಟೆ’ ಎಂಬ ಲೆಕ್ಕವಿದೆ. ಶಬ್ದನಿಗ್ರಹ, ಅಂದರೆ ಎಎನ್‌ಸಿ, ಚಾಲೂ ಇಟ್ಟುಕೊಂಡು ಒಂದೇ ಉಸಿರಿಗೆ ಸಿಗುವುದು 6 ಗಂಟೆ. ಉಳಿದ 24 ಗಂಟೆ ಕೇಸ್‌ನೊಳಗಿನ ಬ್ಯಾಟರಿಯದು. ಬಡ್‌ಗಳನ್ನು ಮತ್ತೆ ಮತ್ತೆ ಒಳಗಿಟ್ಟು ತುಂಬಿಸಿದರೆ ಮಾತ್ರ ಅದು ದಕ್ಕುತ್ತದೆ. ಆ್ಯಪಲ್ ಎರಡೂ ಸಂಖ್ಯೆಗಳನ್ನು ಕೊಡುತ್ತದೆ. ಅಗ್ಗದ ಡಬ್ಬಿಗಳಲ್ಲಿ ದೊಡ್ಡದು ಮಾತ್ರ ಮುಂದಿರುತ್ತದೆ. ಅದೂ ಎಷ್ಟೋ ಸಲ ಎಎನ್‌ಸಿ ಆರಿಸಿ, ಸದ್ದು ಅರ್ಧಕ್ಕಿಟ್ಟು ಅಳೆದದ್ದು.

ಮುಖ್ಯ ಸಂಗತಿ ಇನ್ನೊಂದಿದೆ, ಅದು ಯಾವ ಡಬ್ಬಿಯಲ್ಲೂ ಕಾಣುವುದಿಲ್ಲ. ಲಿಥಿಯಂ ಬ್ಯಾಟರಿ ಸವೆಯುವುದು ಚಾರ್ಜ್ ಆದ ಸುತ್ತುಗಳ ಲೆಕ್ಕದಲ್ಲಿ. ಸ್ಥೂಲವಾಗಿ 300ರಿಂದ 500 ಪೂರ್ಣ ಸುತ್ತುಗಳ ನಂತರ ಅದರ ಶಕ್ತಿ ಶೇ. 80ಕ್ಕೆ ಇಳಿದಿರುತ್ತದೆ. ದಿನಕ್ಕೆ 3 ಗಂಟೆ ಕೇಳುವವರೊಬ್ಬರನ್ನು ಊಹಿಸಿಕೊಳ್ಳಿ. 6 ಗಂಟೆಯ ಬಡ್‌ಗೆ ಅದು ದಿನಕ್ಕೆ ಅರ್ಧ ಸುತ್ತು, ವರ್ಷಕ್ಕೆ ಸುಮಾರು 180. ಎರಡು ವರ್ಷಕ್ಕೆ ಅದು ಮುದಿಯಾಗತೊಡಗಿರುತ್ತದೆ. 30 ಗಂಟೆಯ ಹೆಡ್‌ಫೋನ್‌ಗೆ ಅದೇ ಬಳಕೆ ವರ್ಷಕ್ಕೆ 36–37 ಸುತ್ತು ಮಾತ್ರ. ಕೇಸ್ ಎಷ್ಟೇ ದೊಡ್ಡದಿರಲಿ, ಬಡ್‌ನ ಈ ಸವೆತವನ್ನು ಅದು ತಪ್ಪಿಸುವುದಿಲ್ಲ. ಬಡ್‌ನ ಬ್ಯಾಟರಿ ಸಾಮಾನ್ಯವಾಗಿ ಅಂಟು ಹಾಕಿ ಮುಚ್ಚಿದ್ದು, ಬದಲಿಸುವ ಮಾತು ಬಹುತೇಕ ಇಲ್ಲ. ಮುಪ್ಪಿನ ಮೊದಲ ಲಕ್ಷಣ ಫೋನ್ ಕರೆಯಲ್ಲಿ ಕಾಣುತ್ತದೆ. ಮೈಕ್ ಕೆಲಸ ಮಾಡುವಾಗ ಖರ್ಚು ಜಾಸ್ತಿಯಾದ್ದರಿಂದ ಹಾಡಿಗಿಂತ ಮೊದಲು ಮಾತು ನಡುವೆ ನಿಲ್ಲುತ್ತದೆ, ಅದೂ ಒಂದೇ ಕಿವಿಯಲ್ಲಿ.

ಹಾಗಾದರೆ ಕಡೆಗಣಿಸಬಹುದಾದದ್ದು ಯಾವುದು? ‘20 ಹರ್ಟ್ಸ್–20 ಕಿಲೋಹರ್ಟ್ಸ್’ ಎಂಬ ಸಾಲು ಮೊದಲನೆಯದು. ಆ ವ್ಯಾಪ್ತಿಯಲ್ಲಿ ಎಲ್ಲಿ ಏರು, ಎಲ್ಲಿ ತಗ್ಗು ಎಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಅದನ್ನೇ 40 ಕಿಲೋಹರ್ಟ್ಸ್‌ಗೆ ಎಳೆದರೂ ಮನುಷ್ಯರ ಕಿವಿಗೆ ಸುಮಾರು 20ರ ಆಚೆ ಏನೂ ಕೇಳಿಸದು. ಬ್ಲೂಟೂತ್ 5.3 ಬದಲು 5.4 ಎಂದರೂ ಹಾಡು ಬದಲಾಗುವುದಿಲ್ಲ. ‘ಎಲ್‌ಡ್ಯಾಕ್’ ಕೋಡೆಕ್ ಇದೆಯೆಂದು ಹೆಚ್ಚು ಕೊಟ್ಟು ಐಫೋನಿಗೆ ಜೋಡಿಸಿದರೆ ದಂಡ, ಐಫೋನ್ ಅದನ್ನು ಬಳಸುವುದೇ ಇಲ್ಲ. ‘50 ಡೆಸಿಬಲ್ ಎಎನ್‌ಸಿ’ ಎಂಬುದು ಯಾವುದೋ ಒಂದು ಕಂಪನಾಂಕದಲ್ಲಿ ಸಿಕ್ಕ ಅತ್ಯುತ್ತಮ ಫಲ. ಬಸ್ಸಿನ ಎಂಜಿನ್ ಗುಂಯ್‌ಗುಡುವುದು ತಗ್ಗುತ್ತದೆ, ಹಿಂದಿನ ಸೀಟಿನವರ ಹರಟೆ ಅಷ್ಟಾಗಿ ತಗ್ಗದು. ಇನ್ನು ‘ಇಎನ್‌ಸಿ’ ಎಂದು ಓದಿ ಎಎನ್‌ಸಿ ಎಂದುಕೊಂಡು ಮೋಸಹೋದವರಿಗೆ ಲೆಕ್ಕವಿಲ್ಲ. ಅದು ಮೈಕ್‌ಗೆ ಸಂಬಂಧಿಸಿದ್ದು. ಸುತ್ತಲ ಗದ್ದಲ ಅತ್ತಕಡೆಯವರಿಗೆ ಕಡಿಮೆ ಕೇಳಿಸುತ್ತದೆ, ಹಾಕಿಕೊಂಡವರಿಗೆ ಏನೂ ಲಾಭವಿಲ್ಲ.

ಕೊಳ್ಳುವವರು ಮಾಡಬೇಕಾದ ಪರೀಕ್ಷೆ ಸುಲಭ. ಬೇಸ್ ಇರುವ ಪರಿಚಿತ ಹಾಡು ಹಾಕಿ, ಬಡ್‌ ಅನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಬೇಸ್ ಗಮನಾರ್ಹವಾಗಿ ಹೆಚ್ಚಿದರೆ ತುದಿ ಕಿವಿಗೆ ಕೂತಿಲ್ಲವೆಂದರ್ಥ. ಡಬ್ಬಿಯಲ್ಲಿರುವ ಬೇರೆ ಅಳತೆಯ ತುದಿ ಹಾಕಿ ನೋಡಿ. ಯಾವುದೂ ಕೂರದಿದ್ದರೆ ವಾಪಸು ಮಾಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ. ಹೆಡ್‌ಫೋನ್‌ನಲ್ಲೂ ಕನ್ನಡಕದ ಕಡ್ಡಿ ಮೆತ್ತೆಯ ಕೆಳಗೆ ಸಂದಿ ಮಾಡುತ್ತದೆಯೇ ಎಂದು ಹೀಗೇ ತಿಳಿಯಬಹುದು. ಆಮೇಲೆ ಅಂಗಡಿಯವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಎಎನ್‌ಸಿ ಚಾಲೂ ಇದ್ದಾಗ, ಕೇಸ್ ಬಿಟ್ಟು, ಎಷ್ಟು ಗಂಟೆ? ಮನೆಯಿಂದಲೇ ಕೆಲಸ ಮಾಡುತ್ತ ದಿನವಿಡೀ ಮೀಟಿಂಗ್‌ನಲ್ಲಿ ಕೂರುವವರಿಗೆ ಹೆಡ್‌ಫೋನ್ ವಾಸಿ. ಬಸ್ಸು, ಮೆಟ್ರೊಗಳಲ್ಲಿ ಅರ್ಧ ಮುಕ್ಕಾಲು ಗಂಟೆ ಕೇಳುವವರಿಗೆ ಬಡ್ ಸಾಕು, ಅದರಲ್ಲಿ 13 ಎಂಎಂ ಡ್ರೈವರ್ ಇರಲೇಬೇಕೆಂದಿಲ್ಲ.