ಉದ್ಯೋಗ ಮೇಳದ ಮರುದಿನ ಬರೆಯಬೇಕಾದ ಮೇಲ್

ಉದ್ಯೋಗ ಮೇಳದ ಸ್ಟಾಲ್‌ನಲ್ಲಿ ಕೂತ ಎಚ್‌ಆರ್‌ಗೆ ದಿನವಿಡೀ ಹೊಸ ಮುಖಗಳು. ಒಬ್ಬೊಬ್ಬರ ಜೊತೆ ಮಾತಾಡಲು ಸಿಗುವುದು ಎರಡೋ ಮೂರೋ ನಿಮಿಷ. "ನಮ್ಮ ಪೋರ್ಟಲ್‌ನಲ್ಲಿ ಅಪ್ಲೈ ಮಾಡಿ, ನನಗೊಂದು ಮೇಲ್ ಹಾಕಿ" ಎಂದು ವಿಸಿಟಿಂಗ್ ಕಾರ್ಡ್ ಕೊಟ್ಟು ಮುಂದಿನವರನ್ನು ಕರೆಯುತ್ತಾರೆ. ಆದರೆ ಹೀಗೆ ಮಾತಾಡಿದವರೇ ಕೆಲಸ ಕೊಡುವವರು ಎಂದೇನಿಲ್ಲ. ಅವರು ಸೋಸಿ ಕೊಟ್ಟ ರೆಸ್ಯೂಮೆಗಳನ್ನು ಆಮೇಲೆ ಡಿಸೈನ್ ಅಥವಾ ಪ್ರೊಡಕ್ಷನ್ ವಿಭಾಗದ ಮ್ಯಾನೇಜರ್ ನೋಡುವುದೇ ಹೆಚ್ಚು. ಎಚ್‌ಆರ್ ಒಂದಕ್ಷರವನ್ನೂ ಸೇರಿಸದೆ ನಿಮ್ಮ ಮೇಲ್ ಅನ್ನು ಫಾರ್ವರ್ಡ್ ಮಾಡಿದರೂ, ಮೇಳದ ಕಡೆ ಸುಳಿಯದ ಆ ಮ್ಯಾನೇಜರಿಗೆ ಎಲ್ಲವೂ ಅರ್ಥವಾಗುವಂತಿರಬೇಕು. ಮೇಲ್ ಬರೆಯುವಾಗ ನೆನಪಿಡಬೇಕಾದ್ದು ಇದನ್ನೇ.

ದಾವಣಗೆರೆಯ ಮೆಕ್ಯಾನಿಕಲ್ ವಿದ್ಯಾರ್ಥಿನಿಯೊಬ್ಬಳು ಪಂಪ್ ತಯಾರಿಸುವ ಕಂಪನಿಯ ಸ್ಟಾಲ್‌ಗೆ ಹೋದಳು ಎಂದುಕೊಳ್ಳೋಣ. ಅವಳ ಪ್ರಾಜೆಕ್ಟ್ ಇಂಪೆಲ್ಲರ್ ವಿನ್ಯಾಸದ ಮೇಲೆ. ಎಚ್‌ಆರ್ ಕೇಳಿದ್ದು ಎರಡೇ ಪ್ರಶ್ನೆ: ಸಾಲಿಡ್‌ವರ್ಕ್ಸ್ ಬರುತ್ತದೆಯೇ, ಶಿಫ್ಟ್‌ನಲ್ಲಿ ಕೆಲಸ ಮಾಡಲು ತಯಾರೇ. ಸ್ಟಾಲ್ ಬಿಟ್ಟು ಈಚೆ ಬಂದ ತಕ್ಷಣ ಅವಳು ಮಾಡಬೇಕಾದ್ದು, ಕಾರ್ಡಿನ ಹಿಂದೆ ಈ ಎರಡು ಪ್ರಶ್ನೆ ಮತ್ತು ಹುದ್ದೆಯ ಹೆಸರನ್ನು ಬರೆದಿಟ್ಟುಕೊಳ್ಳುವುದು. ಹತ್ತು ಸ್ಟಾಲ್ ಸುತ್ತಿದ ಮೇಲೆ ಯಾರು ಏನು ಕೇಳಿದರೆಂಬುದು ಕಲಸಿಹೋಗುತ್ತದೆ. ಮೇಲ್‌ಗೆ ಬೇಕಾದ ಸರಕು ಇರುವುದೇ ಆ ಬರಹದಲ್ಲಿ.

ಮನೆಗೆ ಬಂದವಳು ಮೊದಲು ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು, ಆಮೇಲೆ ಮೇಲ್. ದೊಡ್ಡ ಕಂಪನಿಗಳಲ್ಲಿ ಪೋರ್ಟಲ್‌ನಲ್ಲಿ ಇಲ್ಲದ ಅಭ್ಯರ್ಥಿಯನ್ನು ಎಚ್‌ಆರ್ ಮನಸ್ಸು ಮಾಡಿದರೂ ಮುಂದಿನ ಹಂತಕ್ಕೆ ದಾಟಿಸುವುದು ಕಷ್ಟ. ಅರ್ಜಿಯ ಸಂಖ್ಯೆ ಕೈಯಲ್ಲಿದ್ದರೆ ಅದನ್ನು ಮೇಲ್‌ನಲ್ಲೇ ಕೊಡಬಹುದು, ಅವರಿಗೆ ಹುಡುಕುವ ಕೆಲಸ ತಪ್ಪುತ್ತದೆ.

ಮೇಲ್ ಬರೆಯುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅದರ ಸಾರ ಹೀಗಿರಲಿ. ಸಬ್ಜೆಕ್ಟ್ ಸಾಲಿನಲ್ಲಿ: "ಟ್ರೈನಿ ಎಂಜಿನಿಯರ್ ಅರ್ಜಿ, ಮೆಕ್ಯಾನಿಕಲ್, ಶನಿವಾರದ ದಾವಣಗೆರೆ ಮೇಳ." ಮೊಬೈಲ್ ಪರದೆಯಲ್ಲಿ ಸಬ್ಜೆಕ್ಟಿನ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಹುದ್ದೆಯ ಹೆಸರು ಮುಂದೆ ಬರಬೇಕು. ಒಳಗೆ, ಕಾರ್ಡಿನಲ್ಲಿರುವ ಹೆಸರು ಹಿಡಿದೇ ಸಂಬೋಧನೆ. ಭೇಟಿಯಾದವರಿಗೂ "ಸರ್ ಅಥವಾ ಮೇಡಂ" ಎಂದು ಬರೆದರೆ ಊರಿಗೆಲ್ಲ ಹಂಚಿದ ಕರಪತ್ರದಂತೆ ಕಾಣುತ್ತದೆ. ನಂತರ: "ಶನಿವಾರ ನಿಮ್ಮ ಸ್ಟಾಲ್‌ನಲ್ಲಿ ನನ್ನ ಇಂಪೆಲ್ಲರ್ ಪ್ರಾಜೆಕ್ಟಿನ ಬಗ್ಗೆ ಮಾತಾಡಿದ್ದೆವು. ನೀವು ಕೇಳಿದ ಸಾಲಿಡ್‌ವರ್ಕ್ಸ್‌ನಲ್ಲೇ ಅದರ ಮಾಡೆಲ್ ಮಾಡಿದ್ದೇನೆ, ಒಂದು ಡ್ರಾಯಿಂಗ್ ಲಗತ್ತಿಸಿದೆ. ಶಿಫ್ಟ್ ಕೆಲಸಕ್ಕೆ ಒಪ್ಪಿಗೆಯಿದೆ. ಜೂನ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ, ಜುಲೈನಲ್ಲಿ ಸೇರಬಲ್ಲೆ. ಪೋರ್ಟಲ್‌ನ ಅರ್ಜಿ ಸಂಖ್ಯೆ ಇದು." ಕೆಳಗೆ ಹೆಸರು, ಕಾಲೇಜು, ಫೋನ್ ನಂಬರು. ಇಷ್ಟು ಸಾಕು. ಗುಂಪಿನಲ್ಲಿ ಇಂಪೆಲ್ಲರ್ ಎಂದವಳು ಇವಳೊಬ್ಬಳೇ ಇರಬಹುದು, ಎಚ್‌ಆರ್‌ಗೆ ಮುಖ ನೆನಪಾಗುವುದು ಆ ಒಂದು ಪದದಿಂದ. "ನಾನು ಶ್ರಮಜೀವಿ, ಬೇಗ ಕಲಿಯುತ್ತೇನೆ" ಎಂಬ ಸಾಲುಗಳಿಂದಲ್ಲ.

ಲಗತ್ತುಗಳ ವಿಷಯದಲ್ಲಿ ಒಳ್ಳೆಯ ಮೇಲ್‌ಗಳೂ ಕೆಡುತ್ತವೆ. ರೆಸ್ಯೂಮೆಯ ಫೈಲಿಗೆ resume.pdf ಎಂಬ ಹೆಸರಿದ್ದರೆ, ಡೌನ್‌ಲೋಡ್ ಆದ ಮೇಲೆ ಅದು ಯಾರದ್ದೆಂದು ಗೊತ್ತಾಗುವುದಿಲ್ಲ. ನಿಮ್ಮ ಹೆಸರು, ಬ್ರಾಂಚ್, ಪಾಸಾಗುವ ವರ್ಷ ಫೈಲಿನ ಹೆಸರಲ್ಲೇ ಇರಲಿ. ಡ್ರಾಯಿಂಗ್‌ಗಳನ್ನು ಜಿಪ್ ಮಾಡಿ ಕಳಿಸಬೇಡಿ, ಅನೇಕ ಕಂಪನಿಗಳ ಸರ್ವರ್ ಅಂಥ ಫೈಲುಗಳನ್ನು ತಡೆಯುತ್ತದೆ. ಡ್ರೈವ್ ಲಿಂಕ್ ಕೊಡುವುದಾದರೆ ಲಾಗಿನ್ ಆಗಿರದ ಬ್ರೌಸರಿನಲ್ಲಿ ಅದನ್ನು ತೆರೆದು ನೋಡಿ. ನಿಮ್ಮ ಖಾತೆಯಲ್ಲಿ ಸಲೀಸಾಗಿ ತೆರೆಯುವ ಲಿಂಕ್ ಅವರಿಗೆ ಅನುಮತಿ ಕೇಳುತ್ತಿರಬಹುದು. ಅನುಮತಿ ಬೇಡುವಷ್ಟು ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ.

ಮೇಲ್ ಅನ್ನು ಅಂದೇ ರಾತ್ರಿ ಅಥವಾ ಮರುದಿನ ಕಳಿಸಿ. ಮೇಳ ಶನಿವಾರವಾಗಿದ್ದರೆ ಸೋಮವಾರ ಬೆಳಿಗ್ಗೆಯಾದರೂ ತಡವಲ್ಲ. ಕಳಿಸಿದ ಕೆಲವು ನಿಮಿಷದ ನಂತರ ಇನ್‌ಬಾಕ್ಸ್ ನೋಡಿ. ವಿಳಾಸದಲ್ಲಿ ಒಂದಕ್ಷರ ತಪ್ಪಿದ್ದರೂ mailer-daemon ಎಂಬಂಥ ಹೆಸರಿನಲ್ಲಿ ಮೇಲ್ ವಾಪಸ್ ಬಂದಿರಬಹುದು. ಅದನ್ನು ಗಮನಿಸದೆ, ಉತ್ತರ ಬರಲಿಲ್ಲವೆಂದು ವಾರಗಟ್ಟಲೆ ಕಾಯುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ.

ವಾರ, ಹತ್ತು ದಿನ ಕಳೆದರೂ ಸುದ್ದಿ ಇಲ್ಲದಿದ್ದರೆ ಹಳೆಯ ಮೇಲ್‌ಗೇ ರಿಪ್ಲೈ ಮಾಡಿ ಎರಡು ಸಾಲು ಬರೆಯಿರಿ, ಹೊಸದಾಗಿ ಶುರು ಮಾಡಬೇಡಿ. ಸೆಮಿಸ್ಟರ್ ಫಲಿತಾಂಶವೋ ಪ್ರಾಜೆಕ್ಟ್ ಮುಗಿದ ವಿಚಾರವೋ, ಹೇಳಲು ಹೊಸದೇನಾದರೂ ಇದ್ದರೆ ಇನ್ನೂ ಒಳ್ಳೆಯದು. ಅದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೆ ಬಿಡಿ. ಕಾರ್ಡಿನಲ್ಲಿ ಮೊಬೈಲ್ ನಂಬರು ಇದೆಯೆಂದು ವಾಟ್ಸಾಪ್‌ನಲ್ಲಿ ಬೆನ್ನು ಹತ್ತಬಾರದು.

ಇದೆಲ್ಲ ಬಯಲಿನ ಮೇಳಕ್ಕೆ ಹೇಳಿದ್ದು. ಕಂಪನಿ ನಿಮ್ಮ ಕಾಲೇಜಿಗೇ ಬಂದಿದ್ದರೆ, ಮೇಲ್ ಹಾಕುವ ಮೊದಲು ಪ್ಲೇಸ್‌ಮೆಂಟ್ ಆಫೀಸರನ್ನು ಕೇಳಿ. ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಎಚ್‌ಆರ್‌ಗೆ ನೇರವಾಗಿ ಬರೆಯುವಂತಿಲ್ಲ, ಎಲ್ಲವೂ ಪ್ಲೇಸ್‌ಮೆಂಟ್ ಸೆಲ್ ಮೂಲಕವೇ ಹೋಗಬೇಕು. ನಿಯಮ ಹಾಗಿದ್ದರೆ ಇದೇ ಮೇಲ್ ಅನ್ನು ಆಫೀಸರಿಗೆ ಕೊಟ್ಟು, ಅವರ ಕಡೆಯಿಂದಲೇ ಕಳಿಸಲು ಕೇಳಿಕೊಳ್ಳಬಹುದು.